ಐವತ್ತೆರಡೂವರೆ ಗಂಟೆ ದುಡಿದವರಿಗೆ ನಾಲ್ಕೂವರೆ ಗಂಟೆಯ ಲೆಕ್ಕ

ಶನಿವಾರ ಸಂಜೆ ಬಟವಾಡೆ ಮಾಡುವ ಒಂದು ಸಣ್ಣ ಹೊಲಿಗೆ ಘಟಕವನ್ನು ಕಲ್ಪಿಸಿಕೊಳ್ಳಿ. ಹಾಜರಿ ಪುಸ್ತಕದ ಜಾಗಕ್ಕೆ ಈಗ ಎಕ್ಸೆಲ್ ಹಾಳೆ ಬಂದಿದೆ. ಒಬ್ಬೊಬ್ಬ ಟೈಲರ್‌ಗೂ ಆರು ಸಾಲು, ಸೋಮವಾರದಿಂದ ಶನಿವಾರದವರೆಗೆ. ಬಂದ ಹೊತ್ತು, ಹೋದ ಹೊತ್ತು, ಊಟದ ಬಿಡುವು, ಕೊನೆಯ ಕಾಲಂನಲ್ಲಿ ಆ ದಿನದ ಕೆಲಸದ ಅವಧಿ. ಒಬ್ಬರ ವಾರ ಹೀಗಿದೆ: ಸೋಮವಾರ 8:45, ಮಂಗಳವಾರ 8:30, ಬುಧವಾರ 9:00, ಗುರುವಾರ 8:45, ಶುಕ್ರವಾರ 8:30, ಶನಿವಾರ 9:00. ಕೆಳಗಿನ ಸೆಲ್‌ನಲ್ಲಿ ಮೊತ್ತದ ಸೂತ್ರ ಹಾಕಿ ಎಂಟರ್ ಒತ್ತಿದರೆ ಬರುವ ಉತ್ತರ 4:30.

ಬೆರಳೆಣಿಸಿ ನೋಡಿದರೂ ಇದು ಸರಿಯಿಲ್ಲ ಎಂದು ತಿಳಿಯುತ್ತದೆ. ಗಂಟೆಗಳನ್ನಷ್ಟೇ ಕೂಡಿದರೆ 50. ನಿಮಿಷಗಳನ್ನು ಕೂಡಿದರೆ 150, ಅಂದರೆ ಎರಡೂವರೆ ಗಂಟೆ. ಒಟ್ಟು 52 ಗಂಟೆ 30 ನಿಮಿಷ. ಕಂಪ್ಯೂಟರಿಗೆ ಕೂಡುವುದಕ್ಕೂ ಬರುವುದಿಲ್ಲವೇ ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಆದರೆ ಅದು ಸರಿಯಾಗಿಯೇ ಕೂಡಿದೆ. ಆ ಸೆಲ್‌ನ ಒಳಗೆ ಕೂತಿರುವುದು ಐವತ್ತೆರಡೂವರೆ ಗಂಟೆಯೇ. ತಪ್ಪು ಆಗಿರುವುದು ಅದನ್ನು ನಮಗೆ ತೋರಿಸುವ ರೀತಿಯಲ್ಲಿ. ಲೆಕ್ಕದ ತಪ್ಪು ಬೇರೆ, ತೋರಿಕೆಯ ತಪ್ಪು ಬೇರೆ ಎಂಬುದು ಮನಸ್ಸಿನಲ್ಲಿದ್ದರೆ ಉಳಿದದ್ದೆಲ್ಲ ಸಲೀಸು.

ಎಕ್ಸೆಲ್‌ಗೆ ಗಂಟೆ ಎಂಬ ಪ್ರತ್ಯೇಕ ವಸ್ತುವೇ ಇಲ್ಲ. ಅದಕ್ಕೆ ಗೊತ್ತಿರುವುದು ದಿನ ಮಾತ್ರ. ಒಂದು ಪೂರ್ಣ ದಿನ ಎಂದರೆ 1. ಅರ್ಧ ದಿನ, ಅಂದರೆ 12 ಗಂಟೆ, 0.5. ಆರು ಗಂಟೆ 0.25. ನಾವು ಸೆಲ್‌ನಲ್ಲಿ 9:00 ಎಂದು ಬರೆದರೆ ಒಳಗೆ ದಾಖಲಾಗುವುದು 0.375, ಇಪ್ಪತ್ನಾಲ್ಕರಲ್ಲಿ ಒಂಬತ್ತು ಪಾಲು. ನಮ್ಮ ಟೈಲರ್‌ನ ಆರು ದಿನ ಕೂಡಿದರೆ ಬರುವ ಸಂಖ್ಯೆ 2.1875. ಇದನ್ನು 24ರಿಂದ ಗುಣಿಸಿ ನೋಡಿ, 52.5 ಬರುತ್ತದೆ. ಮೊತ್ತದ ಸೆಲ್ ಮೇಲೆ ನಿಂತು ಅದರ ರೂಪವನ್ನು General ಎಂದು ಬದಲಿಸಿದರೆ ಈ 2.1875 ಕಣ್ಣಿಗೇ ಬೀಳುತ್ತದೆ. ಅನುಮಾನ ಬಂದಾಗಲೆಲ್ಲ ಮಾಡಬೇಕಾದ ಮೊದಲ ಪರೀಕ್ಷೆ ಇದೇ.

ಈಗ ಈ 2.1875ನ್ನು h:mm ಎಂಬ ರೂಪದಲ್ಲಿ ತೋರಿಸು ಎಂದು ನಾವು ಕೇಳಿದ್ದೇವೆ. ಆ ರೂಪ ಇರುವುದು ದಿನದ ಹೊತ್ತು ಹೇಳುವುದಕ್ಕೆ. ಗೋಡೆ ಗಡಿಯಾರವನ್ನು ನೋಡಿ ಈಗ ಎಷ್ಟು ಗಂಟೆ ಎಂದು ಹೇಳಬಹುದು, ಅದನ್ನು ತೂಗುಹಾಕಿ ಎಷ್ಟು ದಿನವಾಯಿತು ಎಂದು ಹೇಳಲಾಗದು. h:mm ಕೂಡ ಅಷ್ಟೇ. ಪೂರ್ಣ ದಿನಗಳೆರಡನ್ನು ಅದು ದಿನಾಂಕದ ಪಾಲಿಗೆ ಬಿಟ್ಟು, ಉಳಿದ 0.1875 ದಿನವನ್ನಷ್ಟೇ 4:30 ಎಂದು ತೋರಿಸುತ್ತದೆ. ಅದೇ ಸೆಲ್‌ಗೆ ದಿನಾಂಕವನ್ನೂ ತೋರಿಸುವ ರೂಪ ಕೊಟ್ಟರೆ ಇನ್ನೂ ತಮಾಷೆ: 1900ರ ಜನವರಿ 2, ಬೆಳಗಿನ ಜಾವ ನಾಲ್ಕೂವರೆ ಎಂದು ಬರುತ್ತದೆ. ಎಕ್ಸೆಲ್‌ನ ದಿನಗಣನೆ 1900ರ ಜನವರಿ 1ನ್ನು ಒಂದನೆಯ ದಿನವೆಂದು ಹಿಡಿದು ಶುರುವಾಗುತ್ತದೆ, ಅದಕ್ಕೇ ಹೀಗೆ. ಹೊಲಿಗೆಯವರ ಒಂದು ವಾರದ ದುಡಿಮೆ ಅದರ ಕಣ್ಣಿಗೆ ನೂರಿಪ್ಪತ್ತು ವರ್ಷಕ್ಕೂ ಹಿಂದಿನ ಒಂದು ಬೆಳಗಿನ ಜಾವ!

(ಈ ಗಣನೆಯಲ್ಲಿ ಇಲ್ಲದ ಒಂದು ದಿನವೂ ಸೇರಿಕೊಂಡಿದೆ. 1900 ಅಧಿಕ ವರ್ಷವಲ್ಲ. ಆದರೂ ಎಕ್ಸೆಲ್‌ನಲ್ಲಿ 1900ರ ಫೆಬ್ರವರಿ 29 ಇದೆ. ಅದಕ್ಕಿಂತ ಮೊದಲು ಜನಪ್ರಿಯವಾಗಿದ್ದ ಲೋಟಸ್ 1-2-3ರಲ್ಲಿ ಆ ತಪ್ಪಿತ್ತು. ಅದರ ಹಾಳೆಗಳು ಇಲ್ಲಿಯೂ ಹೊಂದಿಕೆಯಾಗಲಿ ಎಂದು ಎಕ್ಸೆಲ್ ಆ ತಪ್ಪನ್ನು ಹಾಗೇ ಉಳಿಸಿಕೊಂಡಿತು. ನಮ್ಮ ಗಂಟೆಗಳ ಲೆಕ್ಕಕ್ಕೆ ಇದರಿಂದ ಬಾಧಕವೇನಿಲ್ಲ.)

ಹಾಗಿದ್ದರೆ h:mm ರೂಪವನ್ನು ಕೇಳಿದವರು ಯಾರು? ನಾವಂತೂ ಕೇಳಿರಲಿಲ್ಲ. ಖಾಲಿ ಸೆಲ್‌ನಲ್ಲಿ SUM ಬರೆದಾಗ ಎಕ್ಸೆಲ್ ತಾನು ಕೂಡುತ್ತಿರುವ ಸೆಲ್‌ಗಳ ರೂಪವನ್ನೇ ಮೊತ್ತಕ್ಕೂ ತೊಡಿಸುತ್ತದೆ. ದಿನದ ಅವಧಿ ಇಪ್ಪತ್ನಾಲ್ಕು ಗಂಟೆ ಮೀರುವುದಿಲ್ಲವಾದ್ದರಿಂದ ಮೇಲಿನ ಆರು ಸಾಲುಗಳಿಗೆ ಆ ಅಂಗಿ ಸರಿಹೊಂದಿತ್ತು. ಮೊತ್ತಕ್ಕೆ ಸಾಲದಾಯಿತು. ದಿನದಿನದ ಏರುಮೊತ್ತವನ್ನು ನೋಡಿದರೆ ಎಲ್ಲಿ ದಾರಿ ತಪ್ಪಿತು ಎಂಬುದು ಕಾಣುತ್ತದೆ. ಮಂಗಳವಾರದ ಕೊನೆಗೆ 17:15, ಸರಿಯಾಗಿದೆ. ಬುಧವಾರ 26:15 ಆಗಬೇಕಾದಲ್ಲಿ 2:15. ಗುರುವಾರ 35:00 ಆಗಬೇಕಾದಲ್ಲಿ 11:00. ಶುಕ್ರವಾರ 43:30ರ ಬದಲು 19:30. ಶನಿವಾರ ಮತ್ತೊಂದು ದಿನ ತುಂಬಿ 4:30.

ಇದರಲ್ಲಿ 4:30 ಅಪಾಯದ ಉತ್ತರವಲ್ಲ, ನೋಡಿದ ಕೂಡಲೇ ಎಡವಟ್ಟು ಎಂದು ಗೊತ್ತಾಗುತ್ತದೆ. ಶುಕ್ರವಾರದ 19:30 ಅಪಾಯ. ವಾರಕ್ಕೆ ಮೂರು ದಿನ ಬರುವವರೂ ಇರುವ ಘಟಕದಲ್ಲಿ ಹತ್ತೊಂಬತ್ತೂವರೆ ಗಂಟೆ ಎಂಬುದು ನಂಬುವಂಥ ಸಂಖ್ಯೆ. ಇಪ್ಪತ್ತು ಜನರ ಪಟ್ಟಿಯಲ್ಲಿ ಕಣ್ಣು ಅದನ್ನು ದಾಟಿ ಮುಂದೆ ಹೋಗಿಬಿಡುತ್ತದೆ.

ವಾರದ ಲೆಕ್ಕಕ್ಕೆಂದೇ ಇನ್ನೊಂದು ವಿಚಿತ್ರವಿದೆ. 1948ರ ಕಾರ್ಖಾನೆ ಕಾಯ್ದೆಯ ಕಾಲದಿಂದ ನಮ್ಮಲ್ಲಿ ಎಲ್ಲರ ಬಾಯಲ್ಲಿರುವ ಮಿತಿ ವಾರಕ್ಕೆ 48 ಗಂಟೆ. 48 ಎಂದರೆ ಸರಿಯಾಗಿ ಎರಡು ದಿನ. ಹಾಗಾಗಿ ಒಬ್ಬರು ನಿಯಮದಂತೆ ದಿನಕ್ಕೆ ಎಂಟು ಗಂಟೆಯ ಹಾಗೆ ಆರು ದಿನ ದುಡಿದಿದ್ದರೆ ಅವರ ವಾರದ ಮೊತ್ತ 0:00 ಎಂದು ಕಾಣುತ್ತದೆ. ಪೂರ್ತಿ ವಾರ ಬಂದವರೂ ಒಂದು ದಿನವೂ ಬಾರದವರೂ ಹಾಳೆಯಲ್ಲಿ ಒಂದೇ. ಇನ್ನು 48 ಮೀರಿ ದುಡಿದವರ ಸೆಲ್‌ನಲ್ಲಿ ಕಾಣುವ ಸಂಖ್ಯೆ ಅವರ ಓಟಿ ಗಂಟೆಗಳಿಗೆ ಚಾಚೂ ತಪ್ಪದೆ ಸಮನಾಗಿರುತ್ತದೆ. ನಮ್ಮ ಟೈಲರ್‌ನ 4:30 ಇದೆಯಲ್ಲ, 52:30ರಲ್ಲಿ 48 ಕಳೆದರೂ ಬರುವುದು 4:30 ತಾನೆ? ಹೀಗಾಗಿ ಒಂದೆರಡು ವಾರ ಇದನ್ನು ನೋಡಿದ ಗುಮಾಸ್ತರು "ಓಹೋ, ಇದು ತಾನೇ ಓಟಿ ತೆಗೆದು ತೋರಿಸುತ್ತದೆ" ಎಂದು ನಂಬಿಬಿಟ್ಟರೆ ಅವರನ್ನು ದೂರುವಂತಿಲ್ಲ. ಆ ನಂಬಿಕೆ ಕುಸಿಯುವುದು ಯಾರಾದರೂ ಒಂದು ದಿನ ರಜೆ ಹಾಕಿ 43:30 ಗಂಟೆ ದುಡಿದ ವಾರ. ಆಗ ಹಾಳೆ 19:30 ತೋರಿಸುತ್ತದೆ, ಓಟಿಯೇ ಇಲ್ಲದವರ ಹೆಸರಿಗೆ ಹತ್ತೊಂಬತ್ತೂವರೆ ಗಂಟೆ ಓಟಿ ಬೀಳುತ್ತದೆ.

ಪರಿಹಾರ ಚಿಕ್ಕದು. ಮೊತ್ತದ ಸೆಲ್ ಮೇಲೆ ನಿಂತು Ctrl ಮತ್ತು 1 ಒಟ್ಟಿಗೆ ಒತ್ತಿ. ತೆರೆದುಕೊಳ್ಳುವ ಪೆಟ್ಟಿಗೆಯಲ್ಲಿ Number ಎಂಬ ಹಾಳೆ, ಅದರ ಎಡಗಡೆಯ ಪಟ್ಟಿಯ ಕೆಳತುದಿಯಲ್ಲಿ Custom. ಬಲಗಡೆ Type ಎಂಬಲ್ಲಿರುವುದನ್ನು ಅಳಿಸಿ ಹೀಗೆ ಬರೆಯಿರಿ:

```
[h]:mm
```

OK ಒತ್ತಿದರೆ 4:30 ಇದ್ದ ಜಾಗದಲ್ಲಿ 52:30. ಸೂತ್ರ ಮುಟ್ಟಬೇಕಾಗಿಲ್ಲ, ಒಳಗಿನ ಸಂಖ್ಯೆಯೂ ಬದಲಾಗಿಲ್ಲ, ಅದು ಈಗಲೂ 2.1875. h ಸುತ್ತಲಿನ ಆ ಚೌಕ ಆವರಣ ಹೇಳುವುದಿಷ್ಟೇ: ಇಪ್ಪತ್ನಾಲ್ಕಕ್ಕೆ ಮತ್ತೆ ಸೊನ್ನೆಗೆ ಹೋಗಬೇಡ, ಎಣಿಸುತ್ತಲೇ ಇರು. ಆವರಣವನ್ನು m ಸುತ್ತ ಹಾಕಿ [m] ಎಂದಷ್ಟೇ ಬರೆದರೆ ಇಡೀ ವಾರ ನಿಮಿಷಗಳಲ್ಲಿ, 3150 ಎಂದು ಕಾಣುತ್ತದೆ. ಗೂಗಲ್ ಶೀಟ್ಸ್‌ನಲ್ಲಿ Format, Number, Duration ಎಂದು ಆರಿಸಿಕೊಂಡರೆ ಇದೇ ಕೆಲಸವಾಗುತ್ತದೆ. ಲಿಬ್ರೆ ಆಫೀಸ್ ಬಳಸುವವರು [HH]:MM ಎಂದು ಬರೆಯಬಹುದು. ತಿಂಗಳ ಮೊತ್ತ ಬೇರೆ ಸೆಲ್‌ನಲ್ಲಿದ್ದರೆ ಅದಕ್ಕೂ ಇದೇ ರೂಪವನ್ನು ಕೊಡುವುದು ಮರೆಯಬೇಡಿ. ನಾಲ್ಕು ವಾರದ 210 ಗಂಟೆ ಹಳೆಯ ರೂಪದಲ್ಲಿ 18:00 ಎಂದು ಕಾಣುತ್ತದೆ.

ಇಷ್ಟು ಗೊತ್ತಿಲ್ಲದೆ ಕೆಲವರು ಮಾಡಿಕೊಳ್ಳುವ ರಿಪೇರಿ ಒಂದಿದೆ. 4:30 ಬಂದರೆ ಅದಕ್ಕೆ ಕೈಯಲ್ಲೇ 48 ಸೇರಿಸಿ ಪಕ್ಕದಲ್ಲಿ 52:30 ಎಂದು ಬರೆದುಕೊಳ್ಳುವುದು. ಆ ವಾರಕ್ಕೆ ಉತ್ತರ ಸರಿ. ಆದರೆ ಮುಂದಿನ ವಾರ 43:30 ದುಡಿದವರಿಗೆ ಸೇರಿಸಬೇಕಾದದ್ದು 24 ಮಾತ್ರ. ಎಷ್ಟು ಸೇರಿಸಬೇಕೆಂದು ತಿಳಿಯಲು ಸರಿಯಾದ ಮೊತ್ತ ಮೊದಲೇ ಗೊತ್ತಿರಬೇಕು, ಅದು ಗೊತ್ತಿದ್ದರೆ ಹಾಳೆ ಯಾಕೆ ಬೇಕು?

ಮೊತ್ತ ಸರಿಯಾಗಿ ಕಂಡ ಮೇಲೆ ದುಡ್ಡಿನ ಲೆಕ್ಕ. ಗಂಟೆಗೆ 90 ರೂಪಾಯಿ ಎಂದಿಟ್ಟುಕೊಳ್ಳೋಣ. ಮೊತ್ತ E8 ಸೆಲ್‌ನಲ್ಲಿದೆ. ಅದನ್ನು ನೇರವಾಗಿ 90ರಿಂದ ಗುಣಿಸಿದರೆ ಬರುವುದು 196 ರೂಪಾಯಿ 88 ಪೈಸೆ, ಏಕೆಂದರೆ ಒಳಗಿರುವುದು ಗಂಟೆಯಲ್ಲ, ದಿನ. 2.1875 ದಿನವನ್ನು ಗಂಟೆ ಮಾಡಲು ಮೊದಲು 24ರಿಂದ ಗುಣಿಸಬೇಕು:

```
=E8*24*90
```

ಇದರ ಉತ್ತರ 4725. ಈ ಸೆಲ್ ಕೂಡ ಗಡಿಯಾರದ ರೂಪ ತೊಟ್ಟುಕೊಂಡು ಏನೋ ಒಂದು ಹೊತ್ತು ತೋರಿಸುತ್ತಿದ್ದರೆ ಅದಕ್ಕೆ Number ರೂಪ ಕೊಡಿ. ಓಟಿ ಗಂಟೆಗಳಿಗೆ ದುಪ್ಪಟ್ಟು ದರವಾದರೆ ಮೊದಲು 48ರಾಚೆಯ ಭಾಗವನ್ನು ಬಿಡಿಸಿಕೊಳ್ಳಬೇಕು:

```
=MAX(0, E8-48/24)
```

ಇದಕ್ಕೂ [h]:mm ರೂಪ. ಇಲ್ಲಿ 4:30 ಬಂದರೆ ಅದು ನಿಜವಾದ ಓಟಿ. MAX ಇರುವುದರಿಂದ 43:30 ದುಡಿದವರಿಗೆ ಸೊನ್ನೆ ಬರುತ್ತದೆ, ಋಣ ಸಂಖ್ಯೆ ಬರುವುದಿಲ್ಲ. ನಮ್ಮ ಟೈಲರ್‌ಗೆ 48 ಗಂಟೆಗೆ 4320, ನಾಲ್ಕೂವರೆ ಗಂಟೆಗೆ 180ರಂತೆ 810, ಒಟ್ಟು 5130 ರೂಪಾಯಿ. (ಹಳೆಯ ಕಾಯ್ದೆಯಲ್ಲಿ ದಿನಕ್ಕೆ ಒಂಬತ್ತು ಗಂಟೆ ಮೀರಿದರೂ ಓಟಿ. ಇವರು ಯಾವ ದಿನವೂ ಒಂಬತ್ತನ್ನು ದಾಟಿಲ್ಲವಾದ್ದರಿಂದ ವಾರದ ಲೆಕ್ಕವೊಂದೇ ಸಾಕು.)

ಸೂತ್ರದಲ್ಲಿ 48/24 ಎಂದು ಯಾಕೆ ಬರೆದೆ, TIME(48,0,0) ಎಂದು ಬರೆಯಬಹುದಿತ್ತಲ್ಲ ಎಂದು ಎಕ್ಸೆಲ್ ಸ್ವಲ್ಪ ಬಲ್ಲವರು ಕೇಳಬಹುದು. ಬರೆಯಬಾರದು. TIME ಎಂಬುದು ದಿನದ ಹೊತ್ತನ್ನಷ್ಟೇ ಕಟ್ಟಿಕೊಡುವ ಸೂತ್ರ. ಅದಕ್ಕೆ 23ಕ್ಕಿಂತ ದೊಡ್ಡ ಗಂಟೆ ಕೊಟ್ಟರೆ 24ರಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳುತ್ತದೆ. TIME(48,0,0)ರ ಬೆಲೆ ಸೊನ್ನೆ. ಆಗ ಇಡೀ ಐವತ್ತೆರಡೂವರೆ ಗಂಟೆಯೂ ಓಟಿಯಾಗಿ ಮಾಲೀಕರು ಬೆಚ್ಚಿಬೀಳುತ್ತಾರೆ. HOUR ಎಂಬ ಸೂತ್ರದ್ದೂ ಇದೇ ಗುಣ. HOUR(E8) ಎಂದು ಕೇಳಿದರೆ 52 ಹೇಳುವುದಿಲ್ಲ, 4 ಹೇಳುತ್ತದೆ. ಅದನ್ನು ನೆಚ್ಚಿ 90ರಿಂದ ಗುಣಿಸಿದರೆ ವಾರದ ಕೂಲಿ 360 ರೂಪಾಯಿ. ಇಲ್ಲಿ ಸೂಕ್ಷ್ಮ ಗಮನಿಸಬೇಕು. h:mm ರೂಪ ಎರಡು ದಿನಗಳನ್ನು ಬಚ್ಚಿಡುತ್ತದೆ, ರೂಪ ಬದಲಿಸಿದರೆ ಅವು ವಾಪಸ್ಸು ಬರುತ್ತವೆ. HOUR ಮತ್ತು TIME ಅವನ್ನು ನಿಜವಾಗಿಯೇ ಎಸೆದುಬಿಡುತ್ತವೆ. ಅವುಗಳ ಉತ್ತರಕ್ಕೆ ಎಂಥ ಆವರಣ ಹಾಕಿದರೂ ಕಳೆದ ಗಂಟೆಗಳು ಸಿಗುವುದಿಲ್ಲ.

[h]:mm ಹಾಕಿದ ಮೇಲೂ ಮೊತ್ತ ತಪ್ಪಾಗಿದ್ದರೆ ದೋಷ ಇರುವುದು ಮೇಲಿನ ಸಾಲುಗಳಲ್ಲಿ. ನಮ್ಮ ಕಡೆ ಅದಕ್ಕೆ ಮೊದಲ ಕಾರಣ ಚುಕ್ಕಿ. ಕನ್ನಡದಲ್ಲಿ ನಾವು ಹೊತ್ತನ್ನು ಬರೆಯುವುದೇ ಚುಕ್ಕಿ ಇಟ್ಟು. ಲಗ್ನಪತ್ರಿಕೆಯಲ್ಲಿ ಮುಹೂರ್ತ 10.45, ಕಾರ್ಯಕ್ರಮ ಸಂಜೆ 5.30ಕ್ಕೆ. ಅದೇ ಕೈ ಎಕ್ಸೆಲ್‌ನಲ್ಲೂ 8.45 ಎಂದು ಬರೆಯುತ್ತದೆ. ಎಕ್ಸೆಲ್‌ಗೆ ಅದು ದಶಾಂಶ ಸಂಖ್ಯೆ. ನಮ್ಮ ಆರು ದಿನಗಳನ್ನು ಚುಕ್ಕಿ ಇಟ್ಟು ಬರೆದು ಕೂಡಿದರೆ 51.50 ಬರುತ್ತದೆ. ಈ ಉತ್ತರದ ಮೋಸ ನೋಡಿ: ಇದನ್ನು 51 ಗಂಟೆ 50 ನಿಮಿಷ ಎಂದು ಓದಿದರೆ ನಲವತ್ತು ನಿಮಿಷ ಖೋತಾ, ಐವತ್ತೊಂದೂವರೆ ಎಂದು ಓದಿದರೆ ಒಂದು ಗಂಟೆ ಖೋತಾ. ಇದನ್ನೇ 90ರಿಂದ ಗುಣಿಸಿ ಕೂಲಿ ಕೊಟ್ಟರೆ, ಓಟಿ ದರ ಬಿಟ್ಟರೂ, ವಾರಕ್ಕೆ 90 ರೂಪಾಯಿ ಹೋಯಿತು. 0:00 ಬಂದಾಗ ಆಗುವ ಗಲಾಟೆ ಇಲ್ಲಿ ಆಗುವುದಿಲ್ಲ, ಏಕೆಂದರೆ ಉತ್ತರ ನಿಜಕ್ಕೆ ತೀರ ಹತ್ತಿರದಲ್ಲಿದೆ. ನನ್ನ ಮಟ್ಟಿಗೆ ಇಪ್ಪತ್ನಾಲ್ಕರ ಸಮಸ್ಯೆಗಿಂತ ಈ ಚುಕ್ಕಿಯೇ ಕೆಟ್ಟದ್ದು.

ಸೆಲ್‌ಗೆ ಮೊದಲೇ ಸಮಯದ ರೂಪ ಕೊಟ್ಟಿದ್ದು ಅಲ್ಲಿ 8.30 ಬರೆದರೆ ಇನ್ನೊಂದು ಸೋಜಿಗ. ಎಕ್ಸೆಲ್ ಅದನ್ನು 8.3 ದಿನ ಎಂದು ತಿಳಿಯುತ್ತದೆ. h:mm ರೂಪದಲ್ಲಿ ಅದು 7:12 ಎಂದು ಕಾಣುತ್ತದೆ, [h]:mm ಇದ್ದರೆ 199:12. ನೀವು ಬರೆದದ್ದೇ ಬೇರೆ, ಹಾಳೆಯಲ್ಲಿ 7:12ರಂಥ ಅಪರಿಚಿತ ಸಂಖ್ಯೆ ಕೂತಿದೆ ಎಂದಾದರೆ ಚುಕ್ಕಿಯನ್ನು ಹುಡುಕಿ. ಮುಂದೆ ಬರೆಯುವಾಗ ಎರಡು ಚುಕ್ಕಿಯ ಅಭ್ಯಾಸ ಮಾಡಿಕೊಳ್ಳಬಹುದು. ಈಗಾಗಲೇ ತಿಂಗಳುಗಟ್ಟಲೆ ಚುಕ್ಕಿಯಲ್ಲಿ ತುಂಬಿಟ್ಟಿರುವ ಹಾಳೆಗೆ ಏನು ಮಾಡುವುದು? ಅದಕ್ಕೆ ಅನಿರೀಕ್ಷಿತ ಜಾಗದಿಂದ ಸಹಾಯ ಸಿಗುತ್ತದೆ. E2ರಲ್ಲಿ 8.45 ಇದ್ದರೆ ಪಕ್ಕದ ಖಾಲಿ ಕಾಲಂನಲ್ಲಿ ಹೀಗೆ ಬರೆಯಿರಿ:

```
=DOLLARDE(E2,60)/24
```

ಇದು ಶೇರುಪೇಟೆಗಾಗಿ ಮಾಡಿದ ಸೂತ್ರ. 2001ರವರೆಗೂ ಅಮೆರಿಕದ ಶೇರುಪೇಟೆಗಳಲ್ಲಿ ಬೆಲೆಯನ್ನು ಡಾಲರಿನ ಭಿನ್ನರಾಶಿಯಲ್ಲಿ, ಎಂಟನೆಯ ಅಥವಾ ಹದಿನಾರನೆಯ ಪಾಲುಗಳಲ್ಲಿ ಹೇಳುತ್ತಿದ್ದರು. ಚುಕ್ಕಿಯ ಬಲಗಡೆ ಇರುವುದನ್ನು ಅಷ್ಟನೆಯ ಪಾಲು ಎಂದು ಓದಿ ದಶಾಂಶಕ್ಕೆ ತಿರುಗಿಸುವುದು DOLLARDE ಕೆಲಸ. ನಾವು ಪಾಲು 60 ಎಂದು ಹೇಳಿದರೆ 8.45ನ್ನು ಎಂಟು ಮತ್ತು ಅರವತ್ತರಲ್ಲಿ ನಲವತ್ತೈದು ಎಂದು ಓದಿ 8.75 ಗಂಟೆ ಕೊಡುತ್ತದೆ. 24ರಿಂದ ಭಾಗಿಸಿದರೆ ಎಕ್ಸೆಲ್‌ಗೆ ಅರ್ಥವಾಗುವ ದಿನವಾಯಿತು. [h]:mm ರೂಪ ಕೊಟ್ಟು ಕೆಳಗಿನವರೆಗೆ ಎಳೆದರೆ ಮುಗಿಯಿತು.

ಎರಡನೆಯ ಕಾರಣ, ಸಮಯದಂತೆ ಕಾಣುವ ಅಕ್ಷರಗಳು. ವಾಟ್ಸಾಪ್‌ನಿಂದಲೋ ಹಾಜರಿ ಯಂತ್ರದ ವರದಿಯಿಂದಲೋ ನಕಲು ಮಾಡಿ ಅಂಟಿಸಿದ 8:30 ಎಷ್ಟೋ ಸಲ ಸಂಖ್ಯೆಯಾಗಿರುವುದಿಲ್ಲ, ಬರಿಯ ಬರಹವಾಗಿರುತ್ತದೆ. SUM ಅಂಥವನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ನಾವೇ ಜೋಡಿಸಿ ಕೂರಿಸದಿದ್ದರೆ ಸಂಖ್ಯೆಗಳು ಸೆಲ್‌ನ ಬಲಕ್ಕೂ ಬರಹ ಎಡಕ್ಕೂ ಅಂಟಿಕೊಳ್ಳುತ್ತವೆ, ಅದೊಂದು ಗುರುತು. ಖಚಿತವಾಗಿ ತಿಳಿಯಬೇಕಿದ್ದರೆ ಖಾಲಿ ಸೆಲ್‌ನಲ್ಲಿ =COUNT(E2:E7) ಎಂದು ಬರೆಯಿರಿ. ಆರು ದಿನಕ್ಕೆ 6 ಬರಬೇಕು. 5 ಬಂದರೆ ಒಂದು ದಿನದ ದುಡಿಮೆ ಲೆಕ್ಕಕ್ಕೇ ಬಂದಿಲ್ಲ. TEXT ಸೂತ್ರದಿಂದ ಚೆಂದವಾಗಿ ಮಾಡಿಟ್ಟ ಸಮಯವೂ ಬರಹವೇ. TEXT(E8,"[h]:mm") ತೋರಿಸುವ 52:30 ಚೀಟಿಯಲ್ಲಿ ಮುದ್ರಿಸಲು ಸರಿ, ಆದರೆ ಅಂಥ ನಾಲ್ಕು ವಾರಗಳ ಸೆಲ್‌ಗಳನ್ನು SUM ಹಾಕಿ ಕೂಡಿದರೆ ಸೊನ್ನೆ ಬರುತ್ತದೆ.

ಮೂರನೆಯದು ರಾತ್ರಿ ಪಾಳಿ. ಘಟಕದ ಕಾವಲುಗಾರರು ರಾತ್ರಿ 22:00ಕ್ಕೆ ಬಂದು ಬೆಳಿಗ್ಗೆ 6:00ಕ್ಕೆ ಹೋದರೆ, ಹೋದ ಹೊತ್ತಿನಲ್ಲಿ ಬಂದ ಹೊತ್ತು ಕಳೆದಾಗ ಋಣ ಸಂಖ್ಯೆ ಬರುತ್ತದೆ. ಎಕ್ಸೆಲ್ ಋಣ ಸಮಯವನ್ನು ತೋರಿಸಲಾರದೆ ಸೆಲ್ ತುಂಬ ##### ಎಳೆಯುತ್ತದೆ. ಕಾಲಂ ಎಷ್ಟು ಅಗಲಿಸಿದರೂ ಅದು ಹೋಗುವುದಿಲ್ಲ. B ಬಂದ ಹೊತ್ತು, C ಹೋದ ಹೊತ್ತು, D ಬಿಡುವು ಎಂದಾದರೆ ಸೂತ್ರ ಹೀಗಿರಬೇಕು:

```
=MOD(C2-B2,1)-D2
```

MOD ಇಲ್ಲಿ ಮಧ್ಯರಾತ್ರಿ ದಾಟಿದ ಒಂದು ದಿನವನ್ನು ಸೇರಿಸಿಕೊಂಡು ಎಂಟು ಗಂಟೆ ಎಂಬ ಸರಿಯುತ್ತರ ಕೊಡುತ್ತದೆ. ಹಗಲು ಪಾಳಿಯವರಿಗೂ ಇದೇ ಸೂತ್ರ ನಡೆಯುತ್ತದೆ ಎಂದು ಬಹಳ ಜನ ಎಲ್ಲ ಸಾಲಿಗೂ ಇದನ್ನೇ ಎಳೆದುಬಿಡುತ್ತಾರೆ. ನಾನಾದರೆ ಹಾಗೆ ಮಾಡುವುದಿಲ್ಲ. ಹಗಲಿನವರೊಬ್ಬರು ಸಂಜೆ 18:15ಕ್ಕೆ ಹೋದದ್ದನ್ನು ಗುಮಾಸ್ತರು 6:15 ಎಂದು ಬರೆದರು ಎನ್ನಿ. ಎಕ್ಸೆಲ್‌ಗೆ ಅದು ಬೆಳಗಿನ ಆರೂಕಾಲು. MOD ಇಲ್ಲದಿದ್ದರೆ ##### ಬಂದು ತಪ್ಪು ಅಲ್ಲೇ ಸಿಕ್ಕಿಬೀಳುತ್ತಿತ್ತು. MOD ಇದ್ದರೆ ಅವರು ಬೆಳಿಗ್ಗೆ ಒಂಬತ್ತಕ್ಕೆ ಬಂದು ಮಾರನೆಯ ದಿನ ಬೆಳಿಗ್ಗೆ ಹೋದರೆಂದು ತಿಳಿದು, ಅರ್ಧ ಗಂಟೆ ಊಟ ಕಳೆದು, 20:45 ಬರೆಯುತ್ತದೆ. ವಾರದ ಮೊತ್ತಕ್ಕೆ ಹನ್ನೆರಡು ಗಂಟೆ ಹೆಚ್ಚು. ಆದ್ದರಿಂದ MOD ರಾತ್ರಿಯವರ ಸಾಲಿಗಷ್ಟೇ ಇರಲಿ, ಹಗಲಿನವರಿಗೆ ಬರಿಯ ಕಳೆಯುವ ಸೂತ್ರವೇ ಇರಲಿ.

ಋಣ ಸಮಯದ ##### ತಪ್ಪಿಸಲು ಎಕ್ಸೆಲ್‌ನ ಆಯ್ಕೆಗಳಲ್ಲಿ 1904ರ ದಿನಗಣನೆಗೆ ಬದಲಾಯಿಸಿ ಎಂಬ ಸಲಹೆಯೂ ಅಲ್ಲಲ್ಲಿ ಕೇಳಿಬರುತ್ತದೆ. ಹಳೆಯ ಮ್ಯಾಕಿಂಟೋಷ್ ಎಕ್ಸೆಲ್‌ನಲ್ಲಿದ್ದ ಗಣನೆ ಅದು. ಹಾಗೆ ಮಾಡಿದರೆ ಋಣ ಸಮಯ ಕಾಣುತ್ತದೆ ನಿಜ, ಜೊತೆಗೆ ಆ ಕಡತದಲ್ಲಿ ಈಗಾಗಲೇ ಬರೆದಿರುವ ಪ್ರತಿಯೊಂದು ದಿನಾಂಕವೂ 1462 ದಿನ ಜರುಗುತ್ತದೆ. ನಾಲ್ಕು ವರ್ಷ ಒಂದು ದಿನ. ಹಾಜರಿ ಹಾಳೆಗೆ ಅದು ಬೇಡ.

ಕೊನೆಗೆ ಕಡತವನ್ನು ಬೇರೆಯವರಿಗೆ ಕಳಿಸುವ ವಿಷಯ. ಹಾಳೆ ಎಕ್ಸೆಲ್‌ನಲ್ಲೇ ಇರುವವರೆಗೆ ತೋರಿಕೆಯ ತಪ್ಪು ತೋರಿಕೆಯಷ್ಟೇ, ಯಾವಾಗ ಬೇಕಾದರೂ ತಿದ್ದಬಹುದು. ಆದರೆ ಲೆಕ್ಕಪರಿಶೋಧಕರ ಕಚೇರಿಗೋ ವೇತನದ ತಂತ್ರಾಂಶಕ್ಕೋ ಕೊಡಲು ಅದನ್ನು CSV ಕಡತವಾಗಿ ಉಳಿಸಿದರೆ, ಎಕ್ಸೆಲ್ ಆ ಕಡತಕ್ಕೆ ಬರೆಯುವುದು ಒಳಗಿನ 2.1875 ಅಲ್ಲ, ಪರದೆಯ ಮೇಲೆ ಕಾಣುತ್ತಿರುವುದನ್ನು. ಮೊತ್ತ 4:30 ಎಂದು ಕಾಣುತ್ತಿದ್ದರೆ ಹೋಗುವುದೂ 4:30, ಅದನ್ನು ತೆರೆದವರಿಗೆ ಆ ಎರಡು ದಿನಗಳ ಸುಳಿವೂ ಇರುವುದಿಲ್ಲ. ಪಿಡಿಎಫ್ ಆಗಿ ಕಳಿಸಿದರೂ ಚೀಟಿಯಲ್ಲಿ ಮುದ್ರಿಸಿದರೂ ಹೀಗೇ. ಹಾಗಾಗಿ ಹಾಳೆ ಕಳಿಸುವ ಮೊದಲು ಮೊತ್ತದ ಪಕ್ಕದ ಸೆಲ್‌ನಲ್ಲಿ ಇದನ್ನೂ ಬರೆದು ಅದಕ್ಕೆ Number ರೂಪ ಕೊಟ್ಟುಬಿಡಿ:

```
=ROUND(E8*1440,0)
```

ದಿನಕ್ಕೆ 1440 ನಿಮಿಷವಾದ್ದರಿಂದ ಇದು ಇಡೀ ವಾರವನ್ನು ನಿಮಿಷಗಳಲ್ಲಿ, ಸಾಧಾರಣ ಪೂರ್ಣಾಂಕವಾಗಿ ಕೊಡುತ್ತದೆ. ದಿನದ ಪಾಲುಗಳನ್ನು ಕೂಡುವಾಗ ದಶಾಂಶದ ಹದಿನೈದನೆಯ ಸ್ಥಾನದಲ್ಲೆಲ್ಲೋ ಉಳಿಯುವ ಚೂರುಪಾರನ್ನು ROUND ಒರೆಸಿಹಾಕುತ್ತದೆ. 48 ಗಂಟೆ ತುಂಬಿತೇ ಇಲ್ಲವೇ ಎಂದು ಹೋಲಿಸಬೇಕಾದಾಗಲೂ 2880 ನಿಮಿಷಕ್ಕೆ ಹೋಲಿಸುವುದೇ ಭದ್ರ. ನಮ್ಮ ಟೈಲರ್‌ನ ಸಾಲಿನಲ್ಲಿ 3150 ಇರುತ್ತದೆ. ಕಡತ ಎಲ್ಲಿಗೆ ಹೋದರೂ, ಯಾವ ತಂತ್ರಾಂಶದಲ್ಲಿ ತೆರೆದರೂ ಆ ಸಂಖ್ಯೆ ಬದಲಾಗುವುದಿಲ್ಲ, ಫೋನಿನ ಕ್ಯಾಲ್ಕುಲೇಟರಿನಲ್ಲಿ 60ರಿಂದ ಭಾಗಿಸಿ ಯಾರು ಬೇಕಾದರೂ ತಾಳೆ ನೋಡಬಹುದು.